ಹತ್ತನೆಯ ಕಲ್ಲು

ಎತ್ತಪ್ಪ ನನ್ನ ಮುಂದಿನ ಎರಡು ಹಲ್ಲು ಉದುರಿಸಿದ್ದು ಹಾಡುಹಗಲಿನಲ್ಲಿ, ನನ್ನ ಕೈಕೆಳಗಿನ ಆಳುಗಳ ಎದುರಿನಲ್ಲಿ. ಆ ಏಟು ತಿನ್ನಬೇಕಾದವನು ನಾನೇ ಅಂತ ಒಪ್ಪಿಕೊಳ್ಳಲು ನನಗೆ ಮೂರು ವರ್ಷ ಬೇಕಾಯಿತು. ನನ್ನಂಥ ಮೊಂಡನಿಗೆ ಅದು ಬೇಗವೇ ಆಯಿತು ಅನ್ನಬೇಕು.

ಹೊಳಲ್ಕೆರೆ ಕಡೆಯ ಒಂದು ಮ್ಯಾಂಗನೀಸ್ ಗಣಿಯಲ್ಲಿ ನಾನು ಬ್ಲಾಸ್ಟರ್. ಅಂಜನಪ್ಪ ಮೇಸ್ತ್ರಿ ಅಂದರೆ ಗುಡ್ಡದ ಕಲ್ಲೂ ನಡುಗುತ್ತದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಪರೀಕ್ಷೆ ಪಾಸು ಮಾಡಿ ಪಡೆದ ಸರ್ಟಿಫಿಕೇಟು ನನ್ನ ಹತ್ತಿರ ಇತ್ತು. ಬಂಡೆಯಲ್ಲಿ ಕೊರೆದ ಕುಳಿಗೆ ಸಿಡಿಮದ್ದು ತುಂಬಿ ಬತ್ತಿ ಹಚ್ಚುವ ಹಕ್ಕು ನನ್ನದು. ಎತ್ತಪ್ಪ ನನ್ನ ಸಹಾಯಕ. ಕುರಿ ಕಾಯುವ ಮನೆಯಿಂದ ಬಂದವನು, ಮದುವೆಯಾದವನು, ಮಾತು ಕಡಿಮೆ.

ಬತ್ತಿ ಹಚ್ಚಿ ಓಡಿಬಂದು ಅಡಗಿದ ಮೇಲೆ ಎಷ್ಟು ಕುಳಿ ಸಿಡಿದವು ಎಂದು ಎಣಿಸಬೇಕು. ಒಂದು ಕಡಿಮೆಯಾದರೂ ಅರ್ಧ ಗಂಟೆ ಯಾರೂ ಅತ್ತ ಕಾಲಿಡುವಂತಿಲ್ಲ. ನಾನು ಬೆರಳಲ್ಲಿ ಎಣಿಸುತ್ತಿದ್ದೆ. ಎತ್ತಪ್ಪ ಮಾತ್ರ ಅವನಪ್ಪ ದೊಡ್ಡಿಯ ಬಾಯಲ್ಲಿ ಕುರಿ ಎಣಿಸುತ್ತಿದ್ದ ಹಾಗೆ, ಕುಳಿಗೊಂದರಂತೆ ಹರಳುಕಲ್ಲು ಮುಷ್ಟಿಯಲ್ಲಿ ಹಿಡಿದು, ಒಂದೊಂದು ಸದ್ದಿಗೂ ಒಂದೊಂದು ಕೆಳಗೆ ಬಿಡುತ್ತಿದ್ದ. ನಾನು ನಗುತ್ತಿದ್ದೆ. "ಏನಪ್ಪ, ಕುರಿ ಎಲ್ಲಾ ಬಂದ್ವಾ?" ಅಂತ ರೇಗಿಸುತ್ತಿದ್ದೆ.

ಎಪ್ಪತ್ತಮೂರರ ಮಾರ್ಚಿನ ಆ ದಿನ ಹತ್ತು ಕುಳಿ ಹಚ್ಚಿದ್ದೆವು. ಕೆಳಗೆ ಲಾರಿಗಳು ಸಾಲಾಗಿ ನಿಂತು ಹಾರನ್ ಬಾರಿಸುತ್ತಿದ್ದವು. ಸಿಡಿತ ನಿಂತಿತು. ನಾನು ಎದ್ದೆ.

"ಅಣ್ಣ, ಕುಂತ್ಕಳ್ರಿ. ಇನ್ನೊಂದೈತೆ," ಎಂದು ಎತ್ತಪ್ಪ ಅಂಗೈ ಬಿಚ್ಚಿದ. ಒಂದು ಕಲ್ಲು ಉಳಿದಿತ್ತು.

"ಎರಡು ಒಟ್ಟಿಗೇ ಹೊಡದ್ವು ಕಣಲೇ. ನನಗೆ ಕಿವಿ ಇಲ್ವಾ?"

"ಇಲ್ಲಣ್ಣ. ಒಂಬತ್ತೇ."

ನಾನು ಹೊರಟೆ. ಅವನು ಹಿಂದಿನಿಂದ ಅಂಗಿ ಹಿಡಿದ. ಆಳುಗಳು ನೋಡುತ್ತಿದ್ದರು, ನನಗೆ ಮೈಯೆಲ್ಲ ಉರಿಯಿತು. ತಿರುಗಿ ಕೆನ್ನೆಗೆ ಬಾರಿಸಿದೆ. ಅವನು ಬಿಡಲಿಲ್ಲ. ಇನ್ನೊಂದು ಬಾರಿಸಿದೆ. ಆಗ ಬಂತು ನೋಡಿ, ಕಲ್ಲು ಹಿಡಿದಿದ್ದ ಅದೇ ಮುಷ್ಟಿ. ಬಾಯಿ ತುಂಬ ರಕ್ತ, ನಾಲಿಗೆ ಮೇಲೆ ಹಲ್ಲಿನ ಚೂರು. ನಾನು ಬಿದ್ದೆ. ಕೈಗೆ ಸಿಕ್ಕ ಹಾರೆ ಎತ್ತಿ ಅವನ ಭುಜಕ್ಕೆ ಬೀಸಿದೆ. ಮೂಳೆ ಲಟಕ್ಕೆಂದ ಸದ್ದು ಕೇಳಿಸಿತು. ಅಷ್ಟಾದರೂ ಅವನು ನನ್ನ ಮೇಲೆ ಬಿದ್ದು ಎದೆಯ ಮೇಲೆ ಕುಳಿತು ಅದುಮಿಕೊಂಡ. ನಾನು ಅವನ ಕೈ ಕಚ್ಚಿದೆ.

ಹತ್ತನೆಯದು ಸಿಡಿದದ್ದು ಆಗ. ತಲೆಗಾತ್ರದ ಕಲ್ಲುಗಳು ನಮ್ಮ ಮೇಲೆ ಹಾರಿ ಹೋದವು. ನಾನು ನಡೆದು ಹೋಗಿ ನಿಲ್ಲಬೇಕಿದ್ದ ಜಾಗ ಹೊಂಡವಾಗಿತ್ತು.

ಮ್ಯಾನೇಜರ್ ಮುಂದೆ ರಕ್ತದ ಟವೆಲ್ಲು ಬಾಯಿಗೊತ್ತಿ ನಿಂತು ನಾನು ಹೇಳಿದ್ದು ಒಂದೇ ಮಾತು: "ಎತ್ತಪ್ಪ ನನ್ನ ಹೊಡೆದ." ಹತ್ತನೆಯ ಕುಳಿಯ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ನನ್ನ ಸರ್ಟಿಫಿಕೇಟು ಹೋಗುತ್ತಿತ್ತು. ಆಳುಗಳೂ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಎತ್ತಪ್ಪನನ್ನು ಅಂದೇ ಕೆಲಸದಿಂದ ತೆಗೆದರು. ನಾಚಿಕೆಗೆಟ್ಟ ಕೆಲಸ ಮಾಡಿದೆ, ಬೇರೆ ಹೆಸರು ಅದಕ್ಕಿಲ್ಲ.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಅವನು ಮನೆ ಬಾಗಿಲಿಗೆ ಬಂದ. ಎಡ ಭುಜ ಇಳಿಬಿದ್ದಿತ್ತು. ಮೇಸ್ತ್ರಿಯನ್ನು ಹೊಡೆದವನು ಎಂಬ ಸುದ್ದಿ ಅವನಿಗಿಂತ ಮೊದಲು ಪ್ರತಿಯೊಂದು ಗಣಿಗೂ ಮುಟ್ಟಿತ್ತಂತೆ. ಈಗ ಮತ್ತೋಡಿನ ಕಡೆ ಹೊಸ ಗಣಿಯೊಂದಕ್ಕೆ ಬ್ಲಾಸ್ಟಿಂಗ್ ಸಹಾಯಕ ಬೇಕಾಗಿದ್ದ. ಅಲ್ಲಿನ ಮ್ಯಾನೇಜರ್ ಮುದ್ದಣ್ಣನವರು, ಹಿಂದೆ ಯಾರ ಕೈಕೆಳಗೆ ಇದ್ದೆಯೋ ಅವರಿಂದ ಒಂದು ಕಾಗದ ತಾ ಅಂದಿದ್ದರು.

"ಇದೂ ತಪ್ಪಿದ್ರೆ ಹೆಂಡ್ತಿ ಯಲ್ಲಕ್ಕನ್ನ ಕರ್ಕಂಡು ಊರು ಬಿಡಬೇಕು. ಬರ್ದು ಕೊಡ್ರಿ," ಎಂದ.

ಅಪರಾಧಿಯ ಕೈ ಧಾರಾಳ. ಅತ್ಯಂತ ಪ್ರಾಮಾಣಿಕ, ಮಹಾ ಶ್ರಮಜೀವಿ, ಸಕಲ ಕೆಲಸಗಳಲ್ಲೂ ನಿಪುಣ, ಶಾಂತ ಸ್ವಭಾವದವನು ಎಂದೆಲ್ಲ ಎರಡು ಪುಟ ಬರೆದು ಕೊಟ್ಟೆ. ಋಣ ತೀರಿತು ಅಂದುಕೊಂಡು ಆ ದಿನ ಹೊಟ್ಟೆ ತುಂಬ ಉಂಡೆ.

ಮೂರನೆಯ ದಿನ ಅವನು ಹೊಸ್ತಿಲು ದಾಟಿದವನೇ ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಹರಿದ ಕಾಗದವನ್ನು ಬಾಯಿಗೆ ತುರುಕಿದ.

"ತಿನ್ನು! ಶಾಂತ ಸ್ವಭಾವದವ್ನು ಮೇಸ್ತ್ರಿ ಹಲ್ಲು ಉದುರಿಸ್ತಾನಾ ಅಂತ ಕೇಳಿದ್ರು ಕಣಯ್ಯ! ಇದನ್ನ ಬರೆದೋನು ಸುಳ್ಳ, ತಂದೋನೂ ಸುಳ್ಳ ಅಂತ ಹರಿದು ಮುಖಕ್ಕೆ ಎಸೆದ್ರು!"

ಅವನ ಹೆಬ್ಬೆರಳು ಗಂಟಲಿಗೆ ಒತ್ತಿತು. ನನಗೆ ಕಣ್ಣು ಕತ್ತಲಿಟ್ಟಿತು. ನಾನು ಅವನ ನೋವಿನ ಭುಜಕ್ಕೇ ಗುದ್ದಿದೆ. ಇಬ್ಬರೂ ಬಿಂದಿಗೆ ಉರುಳಿಸಿಕೊಂಡು ನೆಲಕ್ಕೆ ಬಿದ್ದೆವು. ನನ್ನ ಹೆಂಡತಿ ಗಂಗಕ್ಕ ಒನಕೆ ತಂದು ನಮ್ಮ ನಡುವೆ ನೆಲಕ್ಕೆ ಕುಟ್ಟಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಹೊಂಡದ ಕನಸು ಬಿದ್ದು ನಾನು ಬೆಚ್ಚಿ ಕೂಗುತ್ತಿದ್ದುದನ್ನು ಅವಳು ಮೂರು ವರ್ಷ ಕೇಳಿದ್ದಳು.

"ಹೊಗಳಿಕೆ ಯಾರಿಗೆ ಬೇಕಾಗೈತೆ? ಇದ್ದದ್ದು ಬರೀರಿ. ಇಲ್ಲಾಂದ್ರೆ ಇದು ನಿಮ್ಮ ತಲೆ ಮೇಲೇ ಬೀಳ್ತದೆ," ಎಂದಳು.

ಒಡೆದ ತುಟಿ ಒರೆಸಿಕೊಂಡು ಅರ್ಧ ಪುಟ ಬರೆದೆ.

"ಎತ್ತಪ್ಪ ೧೯೭೦ರ ಜೂನ್‌ನಿಂದ ೧೯೭೩ರ ಮಾರ್ಚ್‌ವರೆಗೆ ನನ್ನ ಕೈಕೆಳಗೆ ಸಹಾಯಕನಾಗಿದ್ದ. ಕುಳಿ ಶುಚಿ ಮಾಡುವುದು, ಮದ್ದಿನ ಮೇಲೆ ಮಣ್ಣು ಬಿಗಿಯುವುದು, ಕಾವಲು ನಿಲ್ಲುವುದು, ಸಿಡಿತ ಎಣಿಸುವುದು ಅವನ ಕೆಲಸ. ಎಣಿಕೆಯಲ್ಲಿ ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ. ಬತ್ತಿ ಅಳೆದು ಕತ್ತರಿಸುವುದರಲ್ಲಿ ನಿಧಾನ. ಓದು ಬರಹ ಕಡಿಮೆ. ಎಡ ಭುಜದಲ್ಲಿ ಹೆಚ್ಚು ಭಾರ ಹೊರಲಾರ. ಅದು ನಾನು ಹಾರೆಯಿಂದ ಹೊಡೆದದ್ದು. ಹತ್ತು ಕುಳಿಗೆ ಒಂಬತ್ತೇ ಸದ್ದು ಬಂದ ದಿನ, ಕಾಯದೆ ಹೊರಟ ನನ್ನನ್ನು ಅವನು ತಡೆದ. ಮೊದಲು ಹೊಡೆದವನು ನಾನು. ಅವನು ತಿರುಗಿ ಹೊಡೆದ. ಆಮೇಲೆ ಹತ್ತನೆಯದು ಸಿಡಿಯಿತು. ಇದನ್ನು ನಾನು ಮುಚ್ಚಿಟ್ಟೆ. ಸಹಾಯಕನ ಕೆಲಸಕ್ಕೆ ಅವನನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಬತ್ತಿ ಹಚ್ಚುವ ಕೆಲಸಕ್ಕೆ ಇನ್ನೂ ಕಲಿಯಬೇಕು."

ಕೆಳಗೆ ಸಹಿ, ಸರ್ಟಿಫಿಕೇಟಿನ ನಂಬರು.

ಹೊಸದುರ್ಗದ ಬಸ್ಸು ಹಿಡಿದು ಇಬ್ಬರೂ ಒಟ್ಟಿಗೇ ಹೋದೆವು. ಮುದ್ದಣ್ಣನವರು ಎರಡು ಸಲ ಓದಿದರು. ನನ್ನನ್ನು ಬಾಯಿ ತೆರೆ ಅಂದರು. ಹಲ್ಲು ಉದುರಿದ ಸಂದು ನೋಡಿದರು.

"ಇದನ್ನ ನಾನು ಮುಚ್ಚಿಡಾಕೆ ಆಗಲ್ಲ, ಮೇಸ್ತ್ರಿ. ನಿಮ್ಮ ಮ್ಯಾನೇಜರ್‌ಗೆ ಹೋಗ್ತೈತೆ."

"ಹೋಗ್ಲಿ ಬಿಡ್ರಿ," ಎಂದೆ.

ಅವರು ಎತ್ತಪ್ಪನ ಕಡೆ ತಿರುಗಿದರು. "ಸೋಮವಾರ ಬಾ. ಭಾರ ಹೊರೋದು ಬ್ಯಾಡ. ಎಣಿಸು."

ತಿಂಗಳೊಳಗೆ ವಿಚಾರಣೆಯಾಯಿತು. ನನ್ನ ಸರ್ಟಿಫಿಕೇಟನ್ನು ಒಂದು ವರ್ಷ ಅಮಾನತಿನಲ್ಲಿಟ್ಟರು, ಗಣಿಯವರು ಮನೆಗೆ ಕಳಿಸಿದರು. ಕಲ್ಲು ಒಡೆಯುವುದು ಬಿಟ್ಟರೆ ನನಗೆ ಬರುವುದೇನು? ನಾಚಿಕೆ ನುಂಗಿಕೊಂಡು ಮತ್ತೋಡಿನ ಗಣಿಗೇ ಹೋಗಿ ಸುತ್ತಿಗೆ ಹಿಡಿದೆ. ಮುದ್ದಣ್ಣನವರು ಬೇಡ ಅನ್ನಲಿಲ್ಲ.

ಮೊದಲ ದಿನವೇ ಎಂಟು ಕುಳಿ ಸಿಡಿಸಿದರು. ಗುಡ್ಡ ಅದುರಿತು, ಧೂಳು ಕವಿಯಿತು, ಸದ್ದು ನಿಂತಿತು. ನನ್ನ ಲೆಕ್ಕದಲ್ಲಿ ಎಂಟೂ ಆಗಿದ್ದವು. ಸುತ್ತಿಗೆ ಎತ್ತಿಕೊಂಡು ಏಳುವಷ್ಟರಲ್ಲಿ ಒಂದು ಕೈ ನನ್ನ ಎದೆಗೆ ಅಡ್ಡ ಬಂತು. ಹೆಬ್ಬೆರಳ ಬುಡದಲ್ಲಿ ನನ್ನ ಹಲ್ಲಿನ ಗುರುತು ಇನ್ನೂ ಇತ್ತು. ಇನ್ನೊಂದು ಕೈ ಬಿಚ್ಚಿ ಎತ್ತಪ್ಪ ತೋರಿಸಿದ. ಒಂದು ಕಲ್ಲು ಉಳಿದಿತ್ತು.

"ಇನ್ನೊಂದೈತೆ, ಅಣ್ಣ."

ನಾನು ಕುಳಿತುಕೊಂಡೆ.