ಅರ್ಧ ಮೇಡಂ

ಹನ್ನೊಂದು ವರ್ಷ ಗಣಿತದ ತಾತ್ಕಾಲಿಕ ಉಪನ್ಯಾಸಕಿಯಾಗಿ ಸವೆದವಳಿಗೆ ಇದೇ ಕೊನೆಯ ಸಂದರ್ಶನ. ಮುಂದಿನ ತಿಂಗಳು ವಯಸ್ಸಿನ ಮಿತಿ ದಾಟುತ್ತದೆ. ಆಮೇಲೆ ಕಾಯಂ ಕೆಲಸದ ಮಾತೇ ಇಲ್ಲ. ಅವಳನ್ನು ವಿದ್ಯಾರ್ಥಿಗಳು ‘ಅರ್ಧ ಮೇಡಂ’ ಎನ್ನುತ್ತಿದ್ದರು. ಲೆಕ್ಕದಲ್ಲಿ ಅನುಮಾನ ಬಂದಾಗಲೆಲ್ಲ, x ಇದ್ದ ಕಡೆ ‘ಅರ್ಧ ಹಾಕಿ ನೋಡ್ರೋ’ ಎನ್ನುವುದು ಅವಳ ಚಾಳಿ. ಕೆಲಸವೂ ಅರ್ಧಂಬರ್ಧವೇ ಅಲ್ಲವೇ ಎಂದು ತಂಗಿ ಬೇರೆ ರೇಗಿಸುತ್ತಿದ್ದಳು.

ಬೋರ್ಡಿನ ಮೇಲೆ ಸಂದರ್ಶನ ಸಮಿತಿಯ ಅಧ್ಯಕ್ಷರು ಬರೆದಿದ್ದರು: ಸೊನ್ನೆಯಿಂದ ಒಂದರವರೆಗೆ √(1+x³)ರ ಇಂಟಿಗ್ರಲ್, ಅಂದರೆ ಆ ರೇಖೆಯಡಿಯ ವಿಸ್ತೀರ್ಣ.

"ಇದು 1.3 ದಾಟುತ್ತಾ? ಐದು ನಿಮಿಷ," ಎಂದರು ಮುಖ ಗಂಟಿಕ್ಕಿಕೊಂಡು. "ಹಿಂದೆ ಬಂದ ಇಬ್ಬರೂ ಸೂತ್ರ ಹುಡುಕ್ತಾ ಹುಡುಕ್ತಾ ಹೊತ್ತು ಕಳೆದ್ರು."

ಅಯ್ಯೋ, ಸೂತ್ರ ಸಿಕ್ಕಿದರೆ ತಾನೇ! ಹುಡುಕಲು ಹೋಗುವುದೇ ಬೇಡ ಎಂದುಕೊಂಡಳು. ರೇಖೆ ಎಲ್ಲೂ √2 ದಾಟುವುದಿಲ್ಲ; ಹಾಗಾಗಿ ಅದರಡಿಯ ವಿಸ್ತೀರ್ಣವೂ 1.42ರೊಳಗೇ. ಆದರೆ ಕೇಳಿದ್ದು 1.3. ಸಾಲದು. ಇನ್ನೂ ಬಿಗಿಯಾದ, ಸರಳವಾದ ಗೆರೆಯೊಂದು ಮೇಲೆ ಕೂರಬೇಕು.

ಚಾಕ್ ಎತ್ತಿಕೊಂಡಳು. ಘನ ಅಲ್ಲವೇ, ದೊಡ್ಡದೇ ಇರುತ್ತದೆ ಎಂಬ ಅವಸರದಲ್ಲಿ ಬರೆದಳು: x³ ≥ x.

"ಖಚಿತಾನಾ?" ಅಧ್ಯಕ್ಷರು ಗಡಿಯಾರ ನೋಡಿದರು. "ಎರಡು ನಿಮಿಷ ಇದೆ."

ಹನ್ನೊಂದು ವರ್ಷ ಇಲ್ಲೇ ಮಣ್ಣುಪಾಲಾಯಿತು ಅನ್ನಿಸಿ ಅಳು ಒತ್ತರಿಸಿ ಬಂತು. ಆಗ ಬಾಯಿ ತಾನಾಗಿಯೇ ಹೇಳಿತು:

"ಅರ್ಧ ಹಾಕಿ ನೋಡ್ರೋ!"

ಸಮಿತಿಯವರು ಬೆಚ್ಚಿಬಿದ್ದರು.

"ಕ್ಷಮಿಸಿ ಸರ್, ನನಗೇ ಹೇಳ್ಕೊಂಡೆ." ಅರ್ಧದ ಘನ ಎಂಟನೇ ಒಂದು. ಒಂದರೊಳಗಿನ ಸಂಖ್ಯೆಯನ್ನು ತನ್ನಿಂದಲೇ ಗುಣಿಸಿದಷ್ಟೂ ಅದು ಕುಗ್ಗುತ್ತದೆ! ಚಿಹ್ನೆಯನ್ನು ಅಂಗೈಯಿಂದಲೇ ಒರೆಸಿ ತಿರುಗಿಸಿದಳು: x³ ≤ x. ಹಾಗಾದರೆ √(1+x³) ಎಂದೂ √(1+x) ಅನ್ನು ಮೀರದು. ಅದು 1+x/2 ಅನ್ನು ಮೀರದು. ಇದರ ವರ್ಗ 1+x+x²/4, 1+xಗಿಂತ ಹೆಚ್ಚೇ ಇದೆಯಲ್ಲ! ಈ ನೇರ ಗೆರೆಯಡಿ ಇರುವುದು ಬರೀ ತ್ರಾಪಿಜ್ಯ. ಒಂದು ಬದಿ ಒಂದು, ಇನ್ನೊಂದು ಬದಿ ಒಂದೂವರೆ, ಅಗಲ ಒಂದು; ಎರಡು ಬದಿಗಳ ಸರಾಸರಿಯೇ ವಿಸ್ತೀರ್ಣ.

"ಒಂದೂಕಾಲು ದಾಟಲ್ಲ ಸರ್, ಹಾಗಾಗಿ 1.3ನೂ ದಾಟಲ್ಲ. ಒಂದಕ್ಕಿಂತ ಕಮ್ಮಿನೂ ಆಗಲ್ಲ, ರೇಖೆ ಎಲ್ಲೂ ಒಂದಕ್ಕಿಂತ ಕೆಳಗೆ ಇಳಿಯೋದೇ ಇಲ್ಲ."

"ನಿಖರವಾಗಿ ಎಷ್ಟು?"

"ಗೊತ್ತಿಲ್ಲ ಸರ್. ನೀವು ಕೇಳಿದ್ದಕ್ಕೆ ಅದು ಬೇಕಾಗೂ ಇಲ್ಲ."

ತಲೆಹರಟೆ ಆಯಿತೇನೋ ಎಂದು ನಾಲಿಗೆ ಕಚ್ಚಿಕೊಂಡಳು. ಅಧ್ಯಕ್ಷರು ಪಕ್ಕದ ಇಬ್ಬರು ಸದಸ್ಯರ ಮುಖ ನೋಡಿದರು. ಇಬ್ಬರೂ ಒಪ್ಪಿ ತಲೆಯಾಡಿಸಿದರು.

"ತಪ್ಪು ಮಾಡಿದ್ರಿ. ಆದ್ರೆ ತಪ್ಪು ಹಿಡಿಯೋದು ಹೇಗೆ ಅಂತ ಕಲಿಸೋರು ನಮಗೆ ಬೇಕು. ಸೋಮವಾರದಿಂದ ಬನ್ನಿ."

ಹೊರಗೆ ಮೆಟ್ಟಿಲ ಮೇಲೆ ಕುಸಿದು ಕೂತಾಗ ತಂಗಿಯ ಫೋನ್ ಬಂತು.

"ಏನಾಯ್ತೇ ಅರ್ಧ ಮೇಡಂ?"

"ಪೂರ್ತಿ ಆಯ್ತು ಕಣೇ," ಎಂದವಳೇ ಚಾಕ್ ಮೆತ್ತಿದ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.