ಪಾಲನೆಗೆ ನಾಲ್ಕು ಅಂಕ

ಅರ್ಧ ಅಂಕಕ್ಕೂ ಜಗ್ಗಾಡುವ ಗೃಹವಿಜ್ಞಾನದ ಉಪನ್ಯಾಸಕಿಗೆ ಹುಡುಗಿಯರು 'ತಕ್ಕಡಿ ಮೇಡಂ' ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಆಕೆ ಒಳಗೊಳಗೇ ಹಿಗ್ಗಿದ್ದೂ ಉಂಟು. ಅಂಕ ಕೊಡುವುದರಲ್ಲಿ ಅಷ್ಟು ಕಟ್ಟುನಿಟ್ಟು ನೋಡಿ, ಮಹಾತಾಯಿ!

ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಪ್ರಾಜೆಕ್ಟ್ ಪುಸ್ತಕಗಳನ್ನು ತಿದ್ದುತ್ತಿದ್ದಳು. ಮನೆಯ ಒಬ್ಬರನ್ನು ಆರಿಸಿಕೊಂಡು, ಕೊಟ್ಟಿರುವ ಕ್ಯಾಲೊರಿ ಪಟ್ಟಿ ನೋಡಿ ಊಟದ ಯೋಜನೆ ಹಾಕಿ, ವಾರವಿಡೀ ಪಾಲಿಸಿ ಬರೆಯಬೇಕು. ಒಟ್ಟು ಇಪ್ಪತ್ತು ಅಂಕ: ದಿನಕ್ಕೆಷ್ಟು ಬೇಕೆಂಬ ಲೆಕ್ಕಕ್ಕೆ ಐದು, ಆಹಾರದ ಆಯ್ಕೆಗೆ ಐದು, ಕ್ಯಾಲೊರಿ ಕೂಡಿಸಿದ್ದಕ್ಕೆ ಆರು, ಯೋಜನೆ ತಪ್ಪದೆ ಪಾಲಿಸಿದ್ದಕ್ಕೆ ನಾಲ್ಕು. ತಪ್ಪಿದ ಒಂದೊಂದು ದಿನಕ್ಕೂ ಅರ್ಧ ಅಂಕ ಕಟ್.

ಕೈಗೆ ಬಂದದ್ದು ಹಿಂದಿನ ಬೆಂಚಿನ ಮಾತಿಲ್ಲದ ಹುಡುಗಿ, 'ಮೌನಿ'ಯ ಪುಸ್ತಕ. ಸಕ್ಕರೆ ಕಾಯಿಲೆಯ ಅಮ್ಮನಿಗೆ ದಿನಕ್ಕೆ ಸಾವಿರದ ಐನೂರು ಕ್ಯಾಲೊರಿಯ ಯೋಜನೆ. ಕೂಡಿಸಿದ್ದು ಸರಿ, ಆಯ್ಕೆ ಸರಿ. ಹದಿನಾರು ಅಂಕ ಆಗಲೇ ಬಿದ್ದಿದ್ದವು. ಕೊನೆಯ ಪುಟಕ್ಕೆ ಬಂದಳು.

'ಅನ್ನ ಬೆಂದ ಮೇಲೆ ಸರಿಯಾಗಿ ಎಪ್ಪತ್ತೈದು ಗ್ರಾಂ ತೂಗಿ ಬಡಿಸಿದೆ. ಬೆಂದ ಬೇಳೆಯೂ ಮೂವತ್ತೇ ಗ್ರಾಂ. ಇನ್ಸುಲಿನ್ ಎಂದಿನಷ್ಟೇ. ನಾಲ್ಕನೇ ದಿನದಿಂದ ಅಮ್ಮನಿಗೆ ಊಟಕ್ಕೆ ಮೊದಲು ಬೆವರು, ಕೈನಡುಕ. ಹೊಸ ಪಥ್ಯ ಒಗ್ಗುವವರೆಗೆ ಹೀಗೇ ಇರಬಹುದು. ಒಂದು ದಿನವೂ ಯೋಜನೆ ತಪ್ಪಿಲ್ಲ. ಮೌಖಿಕ ಪರೀಕ್ಷೆ ಮುಗಿಯುವವರೆಗೂ ಮುಂದುವರಿಸುತ್ತೇವೆ.'

ತಕ್ಕಡಿ ಮೇಡಂ ಮೊದಲ ಸಾಲನ್ನು ಮತ್ತೊಮ್ಮೆ ಓದಿದಳು. ಪಟ್ಟಿಯಲ್ಲಿದ್ದದ್ದು ಹಸಿ ಅಕ್ಕಿ, ಹಸಿ ಬೇಳೆಯ ತೂಕ! ಬೆಂದರೆ ಅದೇ ಅಕ್ಕಿ ನೀರು ಕುಡಿದು ಮೂರು ಪಟ್ಟು ತೂಗುತ್ತದೆ. ಅಂದರೆ ಆ ತಾಯಿಯ ಹೊಟ್ಟೆಗೆ ಹೋಗುತ್ತಿದ್ದ ಅನ್ನ ಮೂರರಲ್ಲಿ ಒಂದು ಪಾಲು, ಚುಚ್ಚಿಕೊಳ್ಳುತ್ತಿದ್ದ ಔಷಧಿ ಮಾತ್ರ ಪೂರಾ. ಪಟ್ಟಿ ತಿರುವಿದಳು. 'ಎಲ್ಲ ತೂಕವೂ ಬೇಯಿಸುವ ಮೊದಲಿನದು' ಎಂಬ ಅಡಿಟಿಪ್ಪಣಿ ಅದರಲ್ಲಿ ಇರಲೇ ಇಲ್ಲ. ಎರಡು ಪುಟವನ್ನು ಒಂದರಲ್ಲಿ ತುರುಕಲು ಜೆರಾಕ್ಸ್ ಮಾಡುವಾಗ ಆ ಸಾಲನ್ನು ಮಡಚಿಟ್ಟವಳು ತಾನೇ. ಬಾಯಲ್ಲಿ ಹೇಳಿದರಾಯಿತು ಎಂದುಕೊಂಡು ತರಗತಿಯಲ್ಲಿ ಹೇಳಿದ್ದಳು. ಹಾಜರಿ ಪುಸ್ತಕ ನೋಡಿದರೆ ಆ ದಿನ ಮೌನಿಯ ಹೆಸರಿನ ಮುಂದೆ ಗೈರು.

ಮೌನಿಯ ಅಮ್ಮನ ನಂಬರಿಗೆ ಫೋನ್ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಇನ್ನೊಮ್ಮೆಯೂ ಅಷ್ಟೇ. ವಿಳಾಸ ಬರೆದುಕೊಂಡು ಸ್ಕೂಟರ್ ಹತ್ತಿದಳು. ದಾರಿಯ ಸಿಗ್ನಲ್ಲಿನ ಪ್ರತಿ ಕೆಂಪು ದೀಪಕ್ಕೂ ಶಾಪ ಹಾಕಿದಳು. ದೇವರೇ, ಇದೊಂದು ಸಲ, ಇದೊಂದೇ ಸಲ!

ಬಾಗಿಲು ತೆರೆದ ಮೌನಿ ಕಣ್ಣರಳಿಸಿದಳು. "ಮೇಡಂ, ನೀವು?"

"ಅಮ್ಮ ಎಲ್ಲಿ?"

"ಮಲಗಿದ್ದಾರೆ. ಸ್ವಲ್ಪ ಸುಸ್ತು ಅಂದ್ರು."

ಮಂಚದ ಮೇಲಿದ್ದ ತಾಯಿಯ ಹಣೆ ಬೆವರಿನಲ್ಲಿ ತೊಯ್ದಿತ್ತು. ತುಟಿ ಬಿಳಿಚಿತ್ತು. ಮಗಳು ಅಮ್ಮನ ಬೆರಳು ಚುಚ್ಚಿ ಸಕ್ಕರೆ ಅಳೆಯುವ ಯಂತ್ರಕ್ಕೆ ರಕ್ತ ಹಚ್ಚಿದಳು. ನಲವತ್ತೆಂಟು; ಎಪ್ಪತ್ತಕ್ಕಿಂತ ಇಳಿದರೇ ಅಪಾಯ.

"ಅಯ್ಯೋ! ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ತಾ, ಓಡು!" ಮೇಡಂ ತಾಯಿಯ ಭುಜ ಅಲುಗಿಸಿದಳು. "ಅಕ್ಕಾ, ಕೇಳಿಸ್ತಿದೆಯಾ? ನುಂಗೋಕಾಗುತ್ತಾ?"

ಆಕೆ ಕಣ್ಣು ತೆರೆದಳು, ತಲೆಯಾಡಿಸಿದಳು. ಎಬ್ಬಿಸಿ ಕೂರಿಸಿ ಲೋಟ ಬಾಯಿಗಿಟ್ಟರೆ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

"ಬೇಡ... ಇದು ಚಾರ್ಟಲ್ಲಿಲ್ಲ," ಎಂದು ತೊದಲಿದಳು. "ಮಗೂಗೆ ಮಾರ್ಕ್ಸ್ ಹೋಗುತ್ತೆ."

"ಹೋಗಲ್ಲಕ್ಕಾ. ಮಾರ್ಕ್ಸ್ ಕೊಡೋಳು ನಾನೇ. ಕುಡೀರಿ, ನಿಮ್ಮ ದಮ್ಮಯ್ಯ."

ಆಕೆ ಗುಟುಕು ಗುಟುಕಾಗಿ ಕುಡಿದಳು. ಕಾಲು ಗಂಟೆ ಕಾದರು. ಮತ್ತೆ ಬೆರಳು ಚುಚ್ಚಿದಾಗ ಎಂಬತ್ತೊಂದು ಬಂತು. ಮೌನಿ ಒಲೆಯ ಮೇಲಿದ್ದ ಅನ್ನವನ್ನು ತೂಗದೆ ತಟ್ಟೆ ತುಂಬ ಬಡಿಸಿ ತಂದಳು. ಮೇಡಂ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ತಪ್ಪು ನನ್ನದು ಕಣಮ್ಮ," ಎಂದಳು ಹುಡುಗಿಗೆ. "ಪಟ್ಟಿಯಲ್ಲಿ ಒಂದು ಸಾಲು ಬಿಟ್ಟೆ. ನೀನು ಸರಿಯಾಗೇ ಮಾಡಿದ್ದೀಯ."

ಹುಡುಗಿಗೆ ಅದು ಕೇಳಿಸಿತೋ ಇಲ್ಲವೋ. ಅಮ್ಮನ ಕಾಲು ಹಿಡಿದು ಬಿಕ್ಕುತ್ತಿದ್ದಳು. "ಹಸಿವಾಗುತ್ತಾ ಅಂತ ದಿನಾ ಕೇಳ್ತಿದ್ದೆನಲ್ಲಮ್ಮಾ. ಒಂದು ಸಲ ಹೌದು ಅನ್ನಬಾರದಾ?"

ತಾಯಿ ಅನ್ನ ಕಲಸುತ್ತಲೇ ಮಗಳ ತಲೆ ನೇವರಿಸಿದಳು.

"ಅಂದಿದ್ರೆ ನೀನು ಇನ್ನೊಂದು ತುತ್ತು ಹಾಕ್ತಿದ್ದೆ. ಸುಳ್ಳು ಬರೆಯೋಳಲ್ಲ ನೀನು, ಅದನ್ನೂ ಬರೀತಿದ್ದೆ. ಆಮೇಲೆ ನಿಮ್ಮ ಮೇಡಂ ಅರ್ಧ ಮಾರ್ಕ್ ಕಟ್ ಮಾಡ್ತಿದ್ರು."

ಆಕೆ ಅದನ್ನು ದೂರಿನಂತೆ ಹೇಳಲಿಲ್ಲ. ಮೇಡಂ ತಲೆ ತಗ್ಗಿಸಿದಳು. ಹೌದು, ಕಟ್ ಮಾಡುತ್ತಿದ್ದಳು.