ತಲೆದೆಸೆಯ ಗೋಡೆ

ಉಸ್ಮಾನ್ ಸಾಬ್ ತರಿಸಿಟ್ಟಿದ್ದ ವೈರಿನ ಸುರುಳಿಗಳೆಲ್ಲ ಒಂದೇ ದಪ್ಪದವು, ಚದರ ಮಿಲಿಮೀಟರ್ ಲೆಕ್ಕದಲ್ಲಿ. ಒಂದೂವರೆ. ದೀಪಕ್ಕೂ ಅದೇ, ಸಾಕೆಟ್ಟಿಗೂ ಅದೇ, ಎಸಿಗೂ ಅದೇ. ಪೈಪೂ ಎಲ್ಲಕ್ಕೂ ಸೇರಿ ಒಂದೇ. ಸಿಮೆಂಟ್ ಚೀಲಗಳ ಮೇಲೆ ಸುರುಳಿಗಳನ್ನು ಜೋಡಿಸಿಟ್ಟು, ಮದುವೆ ಸೀರೆ ತೋರಿಸುವವನಂತೆ ನನ್ನ ಮುಖ ನೋಡಿದ.

ಶಿಡ್ಲಘಟ್ಟದಲ್ಲಿ ಅವನ ಹೊಸ ಮನೆಯ ವೈರಿಂಗ್ ನನ್ನ ಪಾಲಿಗೆ ಬಂದದ್ದು ನಾನು ಒಳ್ಳೆಯ ವೈರ್‌ಮನ್ ಎಂದಲ್ಲ. ನನ್ನ ತಂಗಿ ಶಹಜಾದಿಯನ್ನು ಅವನ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಹೆಣ್ಣಿನ ಕಡೆಯವನು ಕೆಲಸಕ್ಕೆ ನಿಂತರೆ ತಲೆ ತಗ್ಗಿಸಿಕೊಂಡು ಮಾಡುತ್ತಾನೆ, ಅಷ್ಟೇ. ಎಸಿಯೂ ನಮ್ಮ ಕಡೆಯಿಂದಲೇ ಹೋಗಬೇಕು. ಅವರ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ಮಗನ ಕೋಣೆಯಲ್ಲಿರಬೇಕು ಎಂದು ಉಸ್ಮಾನ್ ಸಾಬ್ ಅಂದಿದ್ದ. ಅಬ್ಬಾ ಆಗಲಿ ಅಂದುಬಿಟ್ಟಿದ್ದ.

"ಚಾಚಾ, ಇದು ದೀಪಕ್ಕೆ ಸಾಕು," ಅಂದೆ. "ಸಾಕೆಟ್ಟಿಗೆ ಎರಡೂವರೆ ಬೇಕು. ಎಸಿಗೆ ನಾಲ್ಕು. ಅದಕ್ಕೆ ಬೋರ್ಡಿಂದ ಸೀದಾ ಬೇರೆ ಪೈಪು ಹಾಕ್ಬೇಕು."

"ನಮ್ಮ ಫಿಲೇಚರಲ್ಲಿ ಮೂರು ಎಚ್‌ಪಿ ಮೋಟ್ರು ಇದೇ ವೈರಲ್ಲಿ ಬೆಳಗಿಂದ ಸಂಜೆವರೆಗೂ ತಿರುಗುತ್ತೆ. ರೇಷ್ಮೆ ಎಳೆಯೋ ರಾಟೆಗಳನ್ನೆಲ್ಲ ಅದೇ ತಿರುಗಿಸೋದು. ನಿನ್ನ ಎಸಿ ಅದಕ್ಕಿಂತ ದೊಡ್ಡದೇನೋ?"

ಕೆಳಗೆ ಗಾರೆ ಕಲಸುತ್ತಿದ್ದ ಮೇಸ್ತ್ರಿ ಮುನಿಗಂಗಪ್ಪ ನಕ್ಕ. "ಎಸಿ ಬಂದ್ಮೇಲೆ ಅದ್ರಲ್ಲೇ ನೂಲು ತೆಗೀಬೋದು ಬಿಡಿ ಸಾಬ್ರೆ."

ನಗಲಿ. ಉಸ್ಮಾನ್ ಸಾಬನ ಮೋಟಾರು ತ್ರೀ ಫೇಸಿನದು. ಹೊರೆಯನ್ನು ಮೂರು ತಂತಿಗಳು ಹಂಚಿಕೊಂಡು ಹೊರುತ್ತವೆ, ಒಂದೊಂದರಲ್ಲಿ ಹರಿಯುವುದು ಐದು ಆಂಪಿಯರ್ ಇರಬಹುದು. ಒಂದೂವರೆ ಟನ್ನಿನ ಎಸಿ ಹಾಗಲ್ಲ. ಹತ್ತು ಆಂಪಿಯರನ್ನು ಒಂದೇ ಫೇಸಿನಿಂದ ಎಳೆಯುತ್ತದೆ. ಕಂಪ್ರೆಸರ್ ಎದ್ದೇಳುವ ಗಳಿಗೆಯಲ್ಲಿ ಅದರ ನಾಲ್ಕೈದು ಪಟ್ಟು. ಸಂಜೆಯಾದರೆ ಈ ಊರಿನ ವೋಲ್ಟೇಜು ನೂರಾ ಎಂಬತ್ತಕ್ಕೆ ಇಳಿಯುತ್ತದೆ. ಆಗ ಸ್ಟೆಬಿಲೈಜರು ಎಸಿಗೆ ಸರಿಯಾದ ವೋಲ್ಟೇಜು ಕೊಡಲೆಂದು ಲೈನಿನಿಂದ ಇನ್ನೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಇದನ್ನೆಲ್ಲ ಅವನಿಗೆ ಹೇಳಿದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನ್ನ ಬಾಯಲ್ಲಿ ಆಂಪಿಯರ್ ಕೇಳಿ ಅವನಿಗೆ ಇನ್ನಷ್ಟು ಉರಿಯಿತು.

"ಫ್ಯೂಸ್ ಇಲ್ವೇನೋ? ಜಾಸ್ತಿ ಆದ್ರೆ ಹೋಗುತ್ತೆ."

"ಎರಡು ಸಲ ಹೋದ್ರೆ ಮೂರನೇ ಸಲ ಯಾರಾದ್ರೂ ದಪ್ಪ ತಂತಿ ಸುತ್ತುತಾರೆ ಚಾಚಾ. ಆಮೇಲೆ ಫ್ಯೂಸ್ ಹೋಗಲ್ಲ. ಗೋಡೆಯೊಳಗಿರೋ ವೈರೇ ಸುಡೋದು."

"ಹೆಣ್ಣಿನ ಕಡೆಯೋರು ನನ್ನ ಮನೇಲಿ ನಿಂತು ಸುಡುತ್ತೆ, ಸುಡುತ್ತೆ ಅಂತಾರಲ್ಲ!" ಅವನ ದನಿ ಏರಿತು. "ನಾಳೆ ಪ್ಲಾಸ್ಟರಿಂಗು. ಇರೋ ಪೈಪಲ್ಲಿ ಇರೋ ವೈರ್ ಎಳಿ. ಆಗಲ್ಲ ಅಂದ್ರೆ ನಿಮ್ಮ ಅಬ್ಬಾನ್ನ ಕಳಿಸು, ಅವರ ಹತ್ರ ಮಾತಾಡ್ತೀನಿ."

ನಾನು ಸುರುಳಿಗಳನ್ನು ಮುಟ್ಟದೆ ಮನೆಗೆ ಬಂದೆ.

ಅಬ್ಬಾ ಅಬ್ದುಲ್ ಸತ್ತಾರ್ ರೇಷ್ಮೆ ಗೂಡಿನ ಮಾರ್ಕೆಟ್ಟಿನಿಂದ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದ. ಎಲ್ಲ ಹೇಳಿದೆ. ಅವನು ಚೊಂಬನ್ನು ಕೆಳಗಿಡಲೂ ಇಲ್ಲ.

"ಎಳೆದು ಬಿಡು ಬೇಟಾ. ನಿಕಾಹ್ ಆಗಲಿ. ಆಮೇಲೆ ನಿಧಾನಕ್ಕೆ ಬದಲಾಯಿಸಿದರಾಯ್ತು."

"ಆ ಪೈಪು ಮುಕ್ಕಾಲು ಇಂಚು ಅಬ್ಬಾ. ಎಲ್ಲ ವೈರು ತುಂಬಿದ ಮೇಲೆ ನಾಲ್ಕರ ವೈರು ಅದರೊಳಗೆ ಹೋಗೋ ಮಾತೇ ಇಲ್ಲ. ಮತ್ತೆ ಗೋಡೆ ಒಡೀಬೇಕು. ಬಣ್ಣ ಬಳಿದ ಮನೇನ ಅವನು ಒಡೆಯೋಕೆ ಬಿಡ್ತಾನಾ?"

"ಜಗಳ ಮಾಡಬೇಡ ಅಂದೆ, ಅಷ್ಟೇ. ಮಾತು ಮುರಿದರೆ ಈ ಹುಡುಗಿಯನ್ನ ಯಾರು ಕೇಳ್ತಾರೆ?"

ಶಹಜಾದಿ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಿದ್ದಳು. ಈ ಕಡೆ ತಿರುಗದೆಯೇ ಕೇಳಿದಳು, "ಭಯ್ಯಾ, ಆ ಪೈಪು ಯಾವ ಗೋಡೇಲಿ ಬರುತ್ತೆ?"

"ಮಂಚದ ತಲೆ ಕಡೆ."

"ವೈರು ಬಿಸಿಯಾದರೆ ನನಗೆ ಗೊತ್ತಾಗುತ್ತಾ?"

"ಆಗಲ್ಲ. ಒಳಗೊಳಗೇ ಮೇಲಿನ ಪ್ಲಾಸ್ಟಿಕ್ಕು ಒಣಗಿ ಸೀಳುತ್ತೆ. ಒಂದಿನ ಎರಡು ತಂತಿ ಒಂದಕ್ಕೊಂದು ತಾಗುತ್ತೆ. ಸಿನಿಮಾದಲ್ಲಿ ತೋರಿಸೋ ಹಾಗೆ ಮೊದಲೇ ಕಿಡಿ ಹಾರೋದೇನೂ ಇಲ್ಲ."

ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು. ಅವಳು ತೆಗೆಯಲಿಲ್ಲ.

ಬೆಳಿಗ್ಗೆ ನಾನು ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೊರಟಾಗ ಅವಳು ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಬ್ಬಾ ನಮಾಜಿಗೆ ಹೋಗಿದ್ದ.

"ಎಲ್ಲಿಗೆ?" ಅಂದೆ.

"ನಿನ್ನ ಜೊತೆಗೆ."

"ನಿಕಾಹ್‌ಗೆ ಮುಂಚೆ ಹುಡುಗಿ ಆ ಹೊಸ್ತಿಲು ತುಳಿಯಬಾರದು, ಗೊತ್ತು ತಾನೇ?"

"ಆಮೇಲೆ ತುಳಿದರೆ ಪೈಪು ಹಾಕಿರ್ತಾರಾ?"

ನಾನು ತಡೆಯಬೇಕಿತ್ತು ಅನ್ನುವವರು ಇವತ್ತಿಗೂ ಊರಲ್ಲಿದ್ದಾರೆ. ಅವರ ಹೆಣ್ಣುಮಕ್ಕಳು ಯಾವ ಗೋಡೆಗೆ ತಲೆಯಿಟ್ಟು ಮಲಗುತ್ತಾರೋ ಅವರಿಗೇನು ಗೊತ್ತು?

ಮುನಿಗಂಗಪ್ಪ ಆಗಲೇ ಕೋಣೆಯ ಒಂದು ಮೂಲೆಗೆ ಗಾರೆ ಹೊಡೆಯಲು ಶುರು ಮಾಡಿದ್ದ. ಬುರ್ಖಾ ಕಂಡವನೇ ಕರಣೆ ಬಿಟ್ಟು ಹೊರಗೆ ಹೋದ. ಉಸ್ಮಾನ್ ಸಾಬ್ ಕುರ್ಚಿಯಿಂದ ಎದ್ದು ನಿಂತ. ಶಹಜಾದಿ ಹೊಸ್ತಿಲು ದಾಟಿ ಒಳಗೆ ಬಂದು, ಮಂಚ ಬರುವ ಗೋಡೆಗೆ ಅಂಗೈ ಒತ್ತಿದಳು.

"ಚಾಚಾ, ನಾನು ದಿನಾ ಮಲಗೋದು ಇಲ್ಲೇ. ಭಯ್ಯಾ ಹೇಳಿದ ವೈರ್ ಹಾಕಿಸಿ. ಇಲ್ಲ ಅಂದ್ರೆ ಎಸಿ ಬೇಡ ಅಂತ ನೀವೇ ನಮ್ಮ ಅಬ್ಬಾಗೆ ಹೇಳಿ. ಎರಡರಲ್ಲಿ ಒಂದು."

ಉಸ್ಮಾನ್ ಸಾಬ್ ಕೂಗಲಿಲ್ಲ. ನನಗೆ ಅದೇ ಆಶ್ಚರ್ಯ. ಗೋಡೆ ನೋಡಿದ, ನೆಲ ನೋಡಿದ, ಅವಳ ಮುಖವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ.

"ಆಯ್ತು ಬೇಟಿ, ಮನೆಗೆ ಹೋಗು," ಅಂದ, ಜೇನು ಸವರಿದಂಥ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ಅಂಗಡೀಲಿ ನನ್ನ ಹೆಸರು ಹೇಳಿ ನಿನಗೆ ಬೇಕಾದ್ದು ತಗೊಂಡು ಬಾ. ಇವತ್ತೇ ಮುಗಿಸು. ಮೇಸ್ತ್ರಿ ಸಂಜೆವರೆಗೂ ಕಾಯ್ತಾನೆ."

ಗೆದ್ದೆವು ಅಂದುಕೊಂಡೆ. ಊಟಕ್ಕೂ ಹೋಗದೆ ಗೋಡೆ ಕಡಿದೆ. ಎಸಿಗೆ ಬೋರ್ಡಿನಿಂದ ಬೇರೆ ಪೈಪು ಹೂತು ಮೂರು ವೈರು ಎಳೆದೆ. ಫೇಸು ನ್ಯೂಟ್ರಲ್ಲು ಎರಡೂ ನಾಲ್ಕರವು, ಮೂರನೆಯದು ಅರ್ಥಿಂಗು. ನಡುವೆ ಎಲ್ಲೂ ಜಾಯಿಂಟ್ ಕೊಡಲಿಲ್ಲ. ಸಾಕೆಟ್ಟಿಗೆ ಎರಡೂವರೆ ಎಳೆದೆ. ಅವನ ಒಂದೂವರೆಯನ್ನು ಅದಕ್ಕೆ ತಕ್ಕ ಜಾಗಕ್ಕೆ, ದೀಪ ಫ್ಯಾನುಗಳಿಗೆ ಹಾಕಿದೆ. ಮುನಿಗಂಗಪ್ಪ ಗಾರೆ ಮುಚ್ಚುತ್ತಾ, "ತಂಗಿಗೋಸ್ಕರ ಅಂದ್ರೆ ಕೈ ಹೆಂಗೆ ಓಡ್ತದೆ ನೋಡಪ್ಪ," ಅಂದ. ನನಗೆ ಖುಷಿಯಾಯಿತು.

ಮನೆಗೆ ಬಂದರೆ ಅಬ್ಬಾ ಗೋಡೆಗೆ ಒರಗಿ ಕುಳಿತಿದ್ದ. ಉಸ್ಮಾನ್ ಸಾಬನ ಫಿಲೇಚರಿನ ಬಯ್ಯಪ್ಪ ಮಧ್ಯಾಹ್ನವೇ ಬಂದು ಹೋಗಿದ್ದನಂತೆ. ಗಂಡಿನ ಮನೆಗೆ ತಾನಾಗಿ ನಡೆದು ಬಂದು ಮಾವನಿಗೇ ಹುಕುಂ ಮಾಡುವ ಹುಡುಗಿ ತಮಗೆ ಹೊಂದುವುದಿಲ್ಲವಂತೆ. ಎಸಿ ನಾವೇ ಇಟ್ಟುಕೊಳ್ಳಬೇಕಂತೆ.

ಮಧ್ಯಾಹ್ನ. ನಾನು ಆ ಕೋಣೆಯಲ್ಲಿ ಮೊಣಕಾಲೂರಿ ವೈರು ಎಳೆಯುತ್ತಿದ್ದೆ. ಉಸ್ಮಾನ್ ಸಾಬ್ ಹಿಂದೆ ನಿಂತು, "ಹುಷಾರಾಗಿ ಎಳಿ ಬೇಟಾ," ಅಂದಿದ್ದ. ಆ ಹೊತ್ತಿಗೆ ಬಯ್ಯಪ್ಪ ನಮ್ಮ ಬಾಗಿಲಲ್ಲಿದ್ದ. ಉಸ್ಮಾನ್ ಸಾಬ್ ನನ್ನಿಂದ ಕೆಲಸ ಪೂರಾ ಮಾಡಿಸಿಕೊಂಡೇ ನನ್ನನ್ನು ಮನೆಗೆ ಕಳಿಸಿದ್ದ.

ಚೀಲದಿಂದ ಕಟಿಂಗ್ ಪ್ಲೇಯರ್ ಎಳೆದುಕೊಂಡೆ. "ಕೊಚ್ಚಿ ಹಾಕ್ತೀನಿ ಅಬ್ಬಾ. ಬೋರ್ಡಿಂದ ಹಿಡಿದು ಒಂದೊಂದು ವೈರೂ ಕೊಚ್ಚಿ ಹಾಕ್ತೀನಿ."

ಅಬ್ಬಾ ತಲೆಯೆತ್ತಲಿಲ್ಲ. ಶಹಜಾದಿ ಬಾಗಿಲಿಗೆ ಅಡ್ಡ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು.

"ಎಳೆದಾಯ್ತಾ?"

"ಹ್ಞೂ."

"ನಾಲ್ಕೇ ತಾನೇ?"

"ನಾಲ್ಕೇ."

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪ್ಲೇಯರ್ ಕಿತ್ತುಕೊಂಡಳು. "ಅಲ್ಲಿಗೆ ಯಾರನ್ನೋ ತಂದೇ ತರ್ತಾರೆ ಭಯ್ಯಾ," ಅಂದಳು. "ಅವಳೂ ಆ ಗೋಡೆ ಕಡೆಗೇ ತಲೆಯಿಟ್ಟು ಮಲಗೋದು."

ನಾನು ಬಾಗಿಲು ಒದ್ದೆ. ಅದು ನಮ್ಮದೇ ಬಾಗಿಲು, ಹಳೆಯದು. ಮೇಲಿನ ಬಿಜಾಗರಿ ಕಿತ್ತು ಬಂತು. ಅಬ್ಬಾ ಎದ್ದು ಬಂದು ಬಾಗಿಲು ಬೀಳದಂತೆ ಹಿಡಿದುಕೊಂಡು ನಿಂತ.